ಮನೆ ಶಿಫ್ಟಿಂಗ್ ಚೆಕ್‌ಲಿಸ್ಟ್ ವಿಡಿಯೋಗೆ ಕ್ಯಾಪ್ಶನ್ ಬರೆಯುವುದು ಹೇಗೆ: ಏರಿಯಾ, ಬುಕಿಂಗ್ ನಂಬರ್ ಸಮೇತ

ಪ್ಯಾಕರ್ಸ್ ಅಂಡ್ ಮೂವರ್ಸ್ ಕೆಲಸ ಮಾಡುವವರು ಈಗ ಒಳ್ಳೊಳ್ಳೆ ವಿಡಿಯೋ ಹಾಕುತ್ತಿದ್ದಾರೆ. ಪಾತ್ರೆ ಹೇಗೆ ಸುತ್ತಬೇಕು, ಮಂಚ ಹೇಗೆ ಬಿಚ್ಚಬೇಕು, ಕ್ಯಾಂಟರ್‌ನಲ್ಲಿ ಯಾವುದನ್ನು ಮೊದಲು ಏರಿಸಬೇಕು ಅಂತ ಚೆನ್ನಾಗಿ ತೋರಿಸುತ್ತಾರೆ. ಕೆಳಗೆ ಕ್ಯಾಪ್ಶನ್ ನೋಡಿದರೆ ‘ಬೆಸ್ಟ್ ಸರ್ವಿಸ್, ಕಡಿಮೆ ರೇಟ್, ಈಗಲೇ ಕರೆ ಮಾಡಿ’ ಅಂತ ಇರುತ್ತದೆ, ಜೊತೆಗೆ ಮೂವತ್ತು ಹ್ಯಾಶ್‌ಟ್ಯಾಗ್. ವಿಡಿಯೋ ನೋಡಿದವರಿಗೆ ಬೇಕಾದ ಉತ್ತರ ಅದರಲ್ಲಿ ಸಿಗುವುದಿಲ್ಲ. ನಮ್ಮ ಏರಿಯಾಗೆ ಬರ್ತೀರಾ? ಎರಡು ಬಿಎಚ್‌ಕೆಗೆ ಎಷ್ಟಾಗುತ್ತೆ? ಪ್ಯಾಕಿಂಗ್ ಸಾಮಾನು ನಿಮ್ಮದಾ, ನಮ್ಮದಾ? ಇದನ್ನೆಲ್ಲ ಫೋನ್‌ನಲ್ಲಿ ಕೇಳುತ್ತಾರೆ. ನೀವು ಲೋಡಿಂಗ್ ಮಧ್ಯೆ ಇರುತ್ತೀರಿ, ಫೋನ್ ಎತ್ತುವುದಿಲ್ಲ. ಅವರು ಮುಂದಿನ ನಂಬರಿಗೆ ಹೋಗುತ್ತಾರೆ.

ಹಾಗಾಗಿ ಮೊದಲ ಫೋನ್ ಕರೆಯ ಅರ್ಧ ಮಾತು ಕ್ಯಾಪ್ಶನ್ನಿನಲ್ಲೇ ಮುಗಿದಿರಬೇಕು. ಒಂದು ಉದಾಹರಣೆ ಇಟ್ಟುಕೊಂಡು ಬರೆಯೋಣ. ಪೀಣ್ಯದಲ್ಲಿ ಒಂದು ಚಿಕ್ಕ ಗೋಡೌನ್. ಒಂದು ಟಾಟಾ ಏಸ್, ಒಂದು 14 ಅಡಿ ಕ್ಯಾಂಟರ್. ಖಾಯಂ ಆಗಿ ಕೆಲಸ ಮಾಡುವ ಐದಾರು ಹುಡುಗರು. ಹೆಚ್ಚಿನ ಕೆಲಸ ಬೆಂಗಳೂರಿನೊಳಗೆ, ಆಗಾಗ ತುಮಕೂರು, ಹಾಸನ, ಮೈಸೂರು, ಮಂಗಳೂರು ಕಡೆಗೆ ಲೋಡ್. ನಿಮ್ಮದು ಹುಬ್ಬಳ್ಳಿಯೋ ಮೈಸೂರೋ ಆಗಿದ್ದರೆ ಊರಿನ ಹೆಸರು ಬದಲಾಯಿಸಿಕೊಳ್ಳಿ, ಕ್ರಮ ಇದೇ.

ಹಂತ 1: ಬರೆಯುವ ಮೊದಲು ವಾಟ್ಸಾಪ್ ತೆರೆಯಿರಿ

ಕ್ಯಾಪ್ಶನ್‌ಗೆ ಬೇಕಾದ ವಿಷಯ ನಿಮ್ಮ ಫೋನ್‌ನಲ್ಲೇ ಇದೆ. ಇತ್ತೀಚೆಗೆ ವಿಚಾರಿಸಿದವರ ಚಾಟ್‌ಗಳನ್ನು ಓದಿ. ಬುಕ್ ಮಾಡಿದವರದು ಮಾತ್ರವಲ್ಲ, ವಿಚಾರಿಸಿ ಸುಮ್ಮನಾದವರದ್ದೂ ಓದಿ. ಅವರು ಕೇಳಿದ ಪ್ರಶ್ನೆಗಳನ್ನು ಒಂದು ಕಾಗದದಲ್ಲಿ ಅವರದೇ ಮಾತಿನಲ್ಲಿ ಬರೆದುಕೊಳ್ಳಿ. ‘ವಾಷಿಂಗ್ ಮೆಷಿನ್ ನೀವೇ ಬಿಚ್ತೀರಾ?’, ‘ಮೂರನೇ ಮಹಡಿ, ಲಿಫ್ಟ್ ಇಲ್ಲ, ಎಕ್ಸ್‌ಟ್ರಾ ತಗೋತೀರಾ?’, ‘ಗಿಡದ ಪಾಟ್ ತಗೊಂಡು ಹೋಗ್ತೀರಾ?’ ಇಂಥವು ಮತ್ತೆ ಮತ್ತೆ ಬಂದಿರುತ್ತವೆ.

ಆಮೇಲೆ ಇನ್ನೊಂದು ಪಟ್ಟಿ ಮಾಡಿ. ಶಿಫ್ಟಿಂಗ್ ದಿನ ಜಗಳ ಅಥವಾ ತಡ ಆಗಿದ್ದು ಯಾವ ಕಾರಣಕ್ಕೆ? ಇದನ್ನು ಹುಡುಗರನ್ನೇ ಕೇಳಿ, ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಫ್ರಿಡ್ಜ್ ತುಂಬ ತರಕಾರಿ ಇತ್ತು, ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಗೇಟ್‌ನಲ್ಲೇ ನಿಲ್ಲಿಸಿದ, ಹೊಸ ಮನೆಯ ರಸ್ತೆಗೆ ಕ್ಯಾಂಟರ್ ಹೋಗಲಿಲ್ಲ. ಈ ಎರಡು ಪಟ್ಟಿಗಳಲ್ಲಿ ಇರುವುದಷ್ಟೇ ಕ್ಯಾಪ್ಶನ್‌ಗೆ ಬರಬೇಕು.

ಹಂತ 2: ಮೊದಲ ಎರಡು ಸಾಲು

ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ನಲ್ಲಿ 2,200 ಅಕ್ಷರದವರೆಗೆ ಬರೆಯಬಹುದು. ಆದರೆ ಒತ್ತಿ ಪೂರ್ತಿ ತೆರೆಯದೆ ಕಾಣುವುದು ಒಂದೆರಡು ಸಾಲು ಮಾತ್ರ. ರೀಲ್ಸ್‌ನಲ್ಲಿ ಇನ್ನೂ ಕಡಿಮೆ. ಯೂಟ್ಯೂಬ್‌ನಲ್ಲೂ ವಿವರಣೆಯ ಮೊದಲ ಸಾಲುಗಳಷ್ಟೇ ಹೊರಗೆ ಕಾಣುತ್ತವೆ. ಆ ಜಾಗವನ್ನು ನಮಸ್ಕಾರಕ್ಕೆ, ಸಂಸ್ಥೆಯ ಹೊಗಳಿಕೆಗೆ ಕೊಟ್ಟರೆ ಉಳಿದದ್ದನ್ನು ಯಾರೂ ತೆರೆದು ನೋಡುವುದಿಲ್ಲ.

ಮೊದಲ ಸಾಲಿನಲ್ಲಿ ಓದುವವರು ಇವತ್ತೇ ಮಾಡಬಹುದಾದ ಒಂದು ಕೆಲಸ ಹೇಳಿ. ಎರಡನೇ ಸಾಲಿನಲ್ಲಿ ಏರಿಯಾ ಹೇಳಿ. ನಮ್ಮ ಪೀಣ್ಯದ ಉದಾಹರಣೆಗೆ ಹೀಗೆ ಬರೆಯಬಹುದು:

‘ನಾಳೆ ಮನೆ ಶಿಫ್ಟಿಂಗಾ? ಫ್ರಿಡ್ಜ್ ಇವತ್ತೇ ಆಫ್ ಮಾಡಿ.
ಪೀಣ್ಯ, ಜಾಲಹಳ್ಳಿ, ಯಶವಂತಪುರ, ರಾಜಾಜಿನಗರ: ನಾವು ಬರುತ್ತೇವೆ.’

ಮೊದಲ ಸಾಲು ಓದಿದವರು ‘ಹೌದಾ, ಯಾಕೆ?’ ಅಂತ ಕೆಳಗೆ ಹೋಗುತ್ತಾರೆ. ಎರಡನೇ ಸಾಲು ಓದಿದ ರಾಜಾಜಿನಗರದವರಿಗೆ ಇದು ತಮಗೆ ಸಂಬಂಧಪಟ್ಟದ್ದು ಅಂತ ಗೊತ್ತಾಗುತ್ತದೆ. ವೈಟ್‌ಫೀಲ್ಡ್‌ನವರಿಗೆ ಅಲ್ಲ ಅಂತಲೂ ಗೊತ್ತಾಗುತ್ತದೆ, ಅದೂ ಒಳ್ಳೆಯದೇ.

ಹಂತ 3: ಚೆಕ್‌ಲಿಸ್ಟ್‌ನಿಂದ ಏನನ್ನು ಎತ್ತಿಕೊಳ್ಳಬೇಕು

ವಿಡಿಯೋದಲ್ಲಿ ಹೇಳಿದ್ದನ್ನೆಲ್ಲ ಮತ್ತೆ ಬರೆಯಬೇಡಿ. ಗ್ರಾಹಕರು ಮಾಡಲೇಬೇಕಾದದ್ದು, ನಿಮ್ಮ ಹುಡುಗರು ಬಂದ ಮೇಲೆ ಮಾಡಲು ಆಗದ್ದು ಯಾವುದೋ ಅದನ್ನು ಮಾತ್ರ ಹಾಕಿ. ಪ್ರತಿಯೊಂದಕ್ಕೂ ಕಾರಣ ಕೊಡಿ. ಕಾರಣ ಗೊತ್ತಾದರೆ ಜನ ಮಾಡುತ್ತಾರೆ.

ಫ್ರಿಡ್ಜ್ ಹಿಂದಿನ ದಿನವೇ ಆಫ್ ಮಾಡಿ, ಖಾಲಿ ಮಾಡಿ, ಬಾಗಿಲು ತೆರೆದಿಡಬೇಕು. ಐಸ್ ಕರಗಿ ನೀರು ಒಣಗಲು ಸಮಯ ಬೇಕು. ಇಲ್ಲದಿದ್ದರೆ ಗಾಡಿಯಲ್ಲಿ ಆ ನೀರು ಸೋರಿ ಪಕ್ಕದ ಕಾರ್ಟನ್ ಬಾಕ್ಸ್‌ಗಳ ತಳ ನೆನೆಯುತ್ತದೆ, ಎತ್ತುವಾಗ ತಳವೇ ಬಿಟ್ಟುಕೊಂಡು ಸಾಮಾನು ಕೆಳಗೆ ಬೀಳುತ್ತದೆ. ಫ್ರಿಡ್ಜ್ ನಿಲ್ಲಿಸಿಯೇ ಸಾಗಿಸಬೇಕು. ಹೊಸ ಮನೆಯಲ್ಲಿ ಇಟ್ಟ ತಕ್ಷಣ ಆನ್ ಮಾಡದೆ ಕೆಲವು ಗಂಟೆ ಬಿಡಬೇಕು. ಮಲಗಿಸಿದರೆ ಕಂಪ್ರೆಸರ್‌ನ ಎಣ್ಣೆ ಪೈಪಿಗೆ ಹೋಗುತ್ತದೆ, ಅದು ವಾಪಸ್ ಇಳಿಯದೆ ಆನ್ ಮಾಡಿದರೆ ಕಂಪ್ರೆಸರ್ ಕೆಡಬಹುದು.

ಮುಂದಿನಿಂದ ಬಾಗಿಲು ತೆರೆಯುವ ವಾಷಿಂಗ್ ಮೆಷಿನ್ ಇದ್ದರೆ ಟ್ರಾನ್ಸಿಟ್ ಬೋಲ್ಟ್ ಹುಡುಕಿಡಲು ಹೇಳಿ. ಮೆಷಿನ್ ಕೊಂಡಾಗ ಹಿಂದಗಡೆಯಿಂದ ತೆಗೆದು ಕೊಟ್ಟಿರುವ ಉದ್ದ ಬೋಲ್ಟ್‌ಗಳು ಅವು. ಒಳಗಿನ ಡ್ರಮ್ ಅಲ್ಲಾಡದ ಹಾಗೆ ಹಿಡಿದಿಡುತ್ತವೆ. ಮನೆಯ ಯಾವುದೋ ಡ್ರಾಯರ್‌ನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಬಿದ್ದಿರುತ್ತವೆ, ಆ ಡ್ರಾಯರನ್ನೇ ಮೊದಲು ಪ್ಯಾಕ್ ಮಾಡಿಬಿಡುತ್ತಾರೆ. ಅದಕ್ಕೇ ಎರಡು ದಿನ ಮುಂಚೆ ಹುಡುಕಿ ಅಂತ ಬರೆಯಿರಿ.

ಗ್ಯಾಸ್ ಸಿಲಿಂಡರ್, ಪೆಟ್ರೋಲ್, ಥಿನ್ನರ್, ಆಸಿಡ್, ಪಟಾಕಿ ಗಾಡಿಗೆ ಹಾಕುವುದಿಲ್ಲ ಅಂತ ಸ್ಪಷ್ಟವಾಗಿ ಹೇಳಿ. ಬೇರೆ ಊರಿಗೆ ಹೋಗುವವರು ಗ್ಯಾಸ್ ಏಜೆನ್ಸಿಗೆ ಸಿಲಿಂಡರ್, ರೆಗ್ಯುಲೇಟರ್ ಒಪ್ಪಿಸಿ ರಸೀದಿ ಪಡೆದುಕೊಂಡು ಹೋಗಬೇಕು. ಹಣ, ಒಡವೆ, ಮನೆ ಪತ್ರ, ಮಾರ್ಕ್ಸ್ ಕಾರ್ಡ್ ಅವರ ಕೈಯಲ್ಲೇ ಇರಲಿ.

ಇನ್ನೊಂದು ಬಾಕ್ಸ್ ಬಗ್ಗೆ ಬೇರೆಯವರ ಚೆಕ್‌ಲಿಸ್ಟ್‌ನಲ್ಲಿ ಅಷ್ಟಾಗಿ ಕಾಣುವುದಿಲ್ಲ, ನಮ್ಮ ಕಡೆ ಅದು ತುಂಬಾ ಮುಖ್ಯ. ದೇವರ ಫೋಟೋ, ದೀಪ, ಅರಿಶಿನ ಕುಂಕುಮ, ಹಾಲು ಉಕ್ಕಿಸುವ ಪಾತ್ರೆ, ಸ್ಟವ್ ಮತ್ತು ಲೈಟರ್. ಇದು ಗಾಡಿಯ ತಳಕ್ಕೆ ಹೋದರೆ ಹೊಸ ಮನೆಯಲ್ಲಿ ಮೊದಲ ಕೆಲಸವೇ ಆಗುವುದಿಲ್ಲ. ಎಲ್ಲ ಇಳಿಸುವವರೆಗೂ ಮನೆಯವರು ಕಾಯುತ್ತಾ ನಿಲ್ಲಬೇಕು. ‘ಈ ಸಾಮಾನು ನಿಮ್ಮ ಕಾರಲ್ಲಿ ಇಟ್ಟುಕೊಳ್ಳಿ’ ಅಂತ ಒಂದು ಸಾಲು ಹಾಕಿ. ಇವರಿಗೆ ನಮ್ಮ ಮನೆ ವಿಷಯ ಗೊತ್ತು ಅನ್ನುವ ನಂಬಿಕೆ ಆ ಒಂದು ಸಾಲಿನಿಂದ ಬರುತ್ತದೆ.

ಅಪಾರ್ಟ್‌ಮೆಂಟ್‌ನವರಿಗೆ ಎರಡು ಕಡೆಯ ಅನುಮತಿ ಬೇಕು, ಹಳೆಯದರಿಂದ ಹೊರಡಲು ಮತ್ತು ಹೊಸದಕ್ಕೆ ಸೇರಲು. ಬಹಳ ಕಡೆ ಶಿಫ್ಟಿಂಗ್‌ಗೆ ಸಮಯ ಗೊತ್ತು ಮಾಡಿರುತ್ತಾರೆ, ಸಾಮಾನಿಗೆ ಬೇರೆ ಲಿಫ್ಟ್ ಇರುತ್ತದೆ, ಕೆಲವು ಕಡೆ ಭಾನುವಾರ ಬಿಡುವುದೇ ಇಲ್ಲ. ಗಾಡಿ ಬಂದ ಮೇಲೆ ಇದನ್ನು ಕೇಳಿಕೊಂಡು ನಿಂತರೆ ಅರ್ಧ ದಿನ ಹೋಯಿತು ಅಂತಲೇ.

ಹಂತ 4: ಏರಿಯಾ ಬರೆಯುವುದು

ಇಲ್ಲೇ ಹೆಚ್ಚಿನವರು ಎಡವುವುದು. ‘ಇಡೀ ಬೆಂಗಳೂರು, ಆಲ್ ಕರ್ನಾಟಕ, ಆಲ್ ಇಂಡಿಯಾ’ ಅಂತ ಹಾಕಿಬಿಡುತ್ತಾರೆ. ಓದಿದವರಿಗೆ ಇವರ ಗಾಡಿ ನಿಜವಾಗಿ ಎಲ್ಲಿದೆ ಅಂತ ತಿಳಿಯುವುದಿಲ್ಲ. ಪೀಣ್ಯದ ಗಾಡಿ ಬೆಳಿಗ್ಗೆ ಎಲೆಕ್ಟ್ರಾನಿಕ್ ಸಿಟಿಗೆ ಹೋಗಿ ಲೋಡ್ ಮಾಡಬೇಕು ಅಂದರೆ ಖಾಲಿ ಓಡಾಟಕ್ಕೇ ಡೀಸೆಲ್, ಸಮಯ ಎರಡೂ ಹೋಗುತ್ತದೆ. ಜೊತೆಗೆ ನಗರದೊಳಗೆ ಬೆಳಿಗ್ಗೆ, ಸಂಜೆ ಹೊತ್ತು ಸರಕು ಗಾಡಿಗಳಿಗೆ ನಿರ್ಬಂಧ ಇರುತ್ತದೆ. ಆ ಖರ್ಚನ್ನು ಗ್ರಾಹಕರ ಮೇಲೆ ಹಾಕಬೇಕು ಅಥವಾ ನೀವು ಹೊರಬೇಕು.

ಏರಿಯಾವನ್ನು ಮೂರು ಭಾಗ ಮಾಡಿ ಬರೆಯಿರಿ. ಮೊದಲನೆಯದು ನೀವು ದಿನಾ ಓಡಾಡುವ ಜಾಗ, ಹಿಂದಿನ ದಿನ ಹೇಳಿದರೂ ಹೋಗಬಲ್ಲದ್ದು. ನಮ್ಮ ಉದಾಹರಣೆಯಲ್ಲಿ ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ, ಯಶವಂತಪುರ, ಮಲ್ಲೇಶ್ವರ, ರಾಜಾಜಿನಗರ, ವಿಜಯನಗರ, ನೆಲಮಂಗಲ. ಎರಡನೆಯದು ಬೆಂಗಳೂರಿನ ಉಳಿದ ಭಾಗ. ಇಲ್ಲಿ ‘ಒಂದು ಕಡೆಯಾದರೂ ಮೇಲಿನ ಏರಿಯಾದಲ್ಲಿರಬೇಕು, ಮೂರು ದಿನ ಮುಂಚೆ ಹೇಳಿ’ ಅಂತ ಷರತ್ತು ಬರೆದುಬಿಡಿ. ಮಲ್ಲೇಶ್ವರದಿಂದ ವೈಟ್‌ಫೀಲ್ಡ್‌ಗೆ ಹೋಗುವವರು ನಿಮಗೆ ಸರಿ. ವೈಟ್‌ಫೀಲ್ಡ್‌ನಿಂದ ಸರ್ಜಾಪುರಕ್ಕೆ ಹೋಗುವವರಿಗೆ ಆ ಕಡೆಯವರೇ ಸರಿ, ಅಲ್ವಾ?

ಮೂರನೆಯದು ಬೇರೆ ಊರು. ಇಲ್ಲಿ ಒಂದು ವಿಷಯ ಮುಚ್ಚಿಡಬಾರದು. ಗಾಡಿ ಅವರ ಸಾಮಾನಿಗೇ ಮೀಸಲೋ, ಪಾರ್ಟ್ ಲೋಡೋ? ಪಾರ್ಟ್ ಲೋಡ್ ಅಂದರೆ ಇನ್ನೊಬ್ಬರ ಸಾಮಾನಿನ ಜೊತೆ ಹೋಗುತ್ತದೆ. ಬಾಡಿಗೆ ಕಡಿಮೆ, ಆದರೆ ಗಾಡಿ ತುಂಬುವವರೆಗೆ ಗೋಡೌನ್‌ನಲ್ಲಿ ಕಾಯಬೇಕಾಗಬಹುದು, ಮಧ್ಯೆ ಗಾಡಿ ಬದಲಾಗಬಹುದು. ಇಳಿಸಿ ಏರಿಸಿದಷ್ಟೂ ಒಡೆಯುವ ಸಾಧ್ಯತೆ ಜಾಸ್ತಿ. ಇದನ್ನು ಹೇಳದೆ ‘ಮರುದಿನವೇ ಡೆಲಿವರಿ’ ಅಂತ ಬರೆದರೆ ಮೂರನೇ ದಿನ ಫೋನ್‌ನಲ್ಲಿ ಬೈಗುಳ ಕೇಳಬೇಕಾಗುತ್ತದೆ. ಮಂಗಳೂರು ಕಡೆಗೆ ಹೋಗುವವರಿದ್ದರೆ ಮಳೆಗಾಲದಲ್ಲಿ ಶಿರಾಡಿ ಘಾಟ್ ಬಂದ್ ಆದರೆ ತಡವಾಗುತ್ತದೆ ಅಂತಲೂ ಒಂದು ಮಾತು ಸೇರಿಸಿ.

ಏರಿಯಾ ಹೆಸರನ್ನು ಕನ್ನಡದಲ್ಲಿ ಬರೆದ ಮೇಲೆ ಕೊನೆಯಲ್ಲಿ ಒಂದು ಸಾಲು ಇಂಗ್ಲಿಷ್ ಅಕ್ಷರದಲ್ಲೂ ಹಾಕಿ: `Peenya, Jalahalli, Yeshwanthpur, Rajajinagar`. ಮನೆಯಲ್ಲಿ ಕನ್ನಡ ಮಾತಾಡುವವರೂ ಹುಡುಕುವಾಗ ಹೆಚ್ಚಾಗಿ ಹೀಗೇ ಟೈಪ್ ಮಾಡುತ್ತಾರೆ. ನಾಲ್ಕೈದು ಹ್ಯಾಶ್‌ಟ್ಯಾಗ್ ಸಾಕು, ಅವೂ ಏರಿಯಾ ಮತ್ತು ಕೆಲಸಕ್ಕೆ ಸಂಬಂಧಪಟ್ಟವು ಮಾತ್ರ.

ಹಂತ 5: ರೇಟ್ ಮತ್ತು ಹೊಣೆ

ಕ್ಯಾಪ್ಶನ್‌ನಲ್ಲಿ ಒಂದೇ ರೇಟ್ ಬರೆಯಲು ಆಗುವುದಿಲ್ಲ. ಒಂದೇ ಎರಡು ಬಿಎಚ್‌ಕೆಯಾದರೂ ನೆಲಮಹಡಿಯಿಂದ ನೆಲಮಹಡಿಗೆ ಹೋಗುವುದೂ, ಲಿಫ್ಟ್ ಇಲ್ಲದ ಮೂರನೇ ಮಹಡಿಯಿಂದ ಇಳಿಸುವುದೂ ಬೇರೆ ಬೇರೆ. ರೇಟ್ ಬದಲು, ಅದರಲ್ಲಿ ಏನು ಸೇರಿದೆ ಅಂತ ಬರೆಯಿರಿ: ಬಾಕ್ಸ್, ಬಬಲ್ ರ‍್ಯಾಪ್, ಪ್ಯಾಕಿಂಗ್, ಲೋಡಿಂಗ್, ಅನ್‌ಲೋಡಿಂಗ್, ಮಂಚ ಬಿಚ್ಚಿ ಜೋಡಿಸುವುದು. ಏನು ಸೇರಿಲ್ಲ ಅಂತಲೂ ಬರೆಯಿರಿ. ಎಸಿ ಬಿಚ್ಚಲು ಟೆಕ್ನಿಶಿಯನ್ ಬೇಕು, ಗೀಸರ್‌ಗೆ ಪ್ಲಂಬರ್ ಬೇಕು. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಹೇಳಿ. ಕಡಿಮೆ ಹೇಳಿ ಸಾಮಾನು ಏರಿಸಿದ ಮೇಲೆ ದಾರಿಮಧ್ಯೆ ಹೆಚ್ಚು ಕೇಳುವವರ ಕಥೆ ಎಲ್ಲರಿಗೂ ಗೊತ್ತು, ಎಲ್ಲರಿಗೂ ಆ ಭಯ ಇದೆ. ‘ಲೋಡ್ ಮಾಡುವ ಮೊದಲೇ ಬರೆದ ಕೊಟೇಶನ್ ಮತ್ತು ಸಾಮಾನಿನ ಪಟ್ಟಿ ಕೊಡುತ್ತೇವೆ’ ಅನ್ನುವ ಸಾಲು ಆ ಭಯಕ್ಕೆ ಉತ್ತರ.

‘100% ಸೇಫ್’, ‘ಫುಲ್ ಇನ್ಶೂರೆನ್ಸ್’ ಅಂತ ಮಾತ್ರ ಸುಮ್ನೆ ಬರೆಯಬೇಡಿ. 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ ನಿಯಮದ ಪ್ರಕಾರ, ಗ್ರಾಹಕರು ಹೆಚ್ಚಿನ ಮೌಲ್ಯ ಘೋಷಿಸದಿದ್ದರೆ ಸಾಗಣೆದಾರರ ಹೊಣೆ ಸಾಗಣೆ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. ವಿಮೆ ಇದಕ್ಕಿಂತ ಬೇರೆ, ಅದಕ್ಕೆ ವಿಮಾ ಕಂಪನಿಯ ಪಾಲಿಸಿ ಇರಬೇಕು. ನೀವು ನಿಜವಾಗಿ ಪಾಲಿಸಿ ಮಾಡಿಸಿಕೊಡುವವರಾದರೆ ‘ವಿಮೆ ಬೇಕಿದ್ದರೆ ಮೊದಲೇ ಹೇಳಿ, ಪಾಲಿಸಿ ಕಾಪಿ ಕೊಡುತ್ತೇವೆ’ ಅಂತ ಬರೆಯಿರಿ. ಇಲ್ಲವಾದರೆ ವಿಮೆ ಅನ್ನುವ ಪದವನ್ನೇ ಬಿಡಿ. ಟಿವಿ ಒಡೆದ ದಿನ ಗ್ರಾಹಕರು ತೋರಿಸುವುದು ನಿಮ್ಮ ಕ್ಯಾಪ್ಶನ್ನಿನ ಸ್ಕ್ರೀನ್‌ಶಾಟನ್ನೇ.

ಹಂತ 6: ಬುಕಿಂಗ್ ನಂಬರ್

ಒಂದೇ ನಂಬರ್ ಕೊಡಿ. ಮೂರು ನಂಬರ್ ಇದ್ದರೆ ಯಾವುದಕ್ಕೆ ಮಾಡಬೇಕು ಅಂತ ಗೊತ್ತಾಗುವುದಿಲ್ಲ, ಒಂದೇ ಗ್ರಾಹಕರಿಗೆ ಇಬ್ಬರು ಎರಡು ರೇಟ್ ಹೇಳುವುದೂ ಇದೆ. ಆ ನಂಬರ್ ಲೋಡಿಂಗ್‌ನಲ್ಲಿ ಇರದವರ ಕೈಯಲ್ಲಿರಲಿ. ಕರೆ ಎತ್ತುವ ಸಮಯ ಬರೆಯಿರಿ, ಉಳಿದ ಹೊತ್ತಿನಲ್ಲಿ ವಾಟ್ಸಾಪ್ ಮಾಡಿ ಅನ್ನಿ.

ವಾಟ್ಸಾಪ್ ಲಿಂಕ್ ಹೀಗಿರಬೇಕು. ದೇಶದ ಕೋಡ್ 91, ಅದರ ಹಿಂದೆಯೇ ಹತ್ತು ಅಂಕಿ. ಪ್ಲಸ್ ಗುರುತು, ಸೊನ್ನೆ, ಮಧ್ಯೆ ಅಡ್ಡಗೆರೆ ಯಾವುದೂ ಬೇಡ:

```
https://wa.me/91XXXXXXXXXX?text=House%20shifting
```

ಕೊನೆಯ ಭಾಗ ಇದ್ದರೆ ಒತ್ತಿದ ಕೂಡಲೇ ಆ ಮಾತು ಚಾಟ್‌ನಲ್ಲಿ ಬರೆದಂತೆ ಕಾಣುತ್ತದೆ, ಕಳಿಸಿದರೆ ಸಾಕು. ವಾಟ್ಸಾಪ್ ಬಿಸಿನೆಸ್ ಆ್ಯಪ್‌ನಲ್ಲೇ ಇಂಥ ಚಿಕ್ಕ ಲಿಂಕ್ ಮಾಡಿಕೊಳ್ಳುವ ಅವಕಾಶವೂ ಇದೆ. ಹಾಕುವ ಮೊದಲು ಬೇರೆಯವರ ಫೋನ್‌ನಿಂದ ಒಂದು ಸಲ ಒತ್ತಿ ನೋಡಿ.

ಲಿಂಕ್ ಎಲ್ಲ ಕಡೆ ಕೆಲಸ ಮಾಡುವುದಿಲ್ಲ. ಇನ್‌ಸ್ಟಾಗ್ರಾಮ್ ಕ್ಯಾಪ್ಶನ್‌ನಲ್ಲಿ ಹಾಕಿದ ಲಿಂಕ್ ಒತ್ತಲು ಬರುವುದಿಲ್ಲ, ಅದನ್ನು ಬಯೋದಲ್ಲಿ ಇಟ್ಟು ಕ್ಯಾಪ್ಶನ್‌ನಲ್ಲಿ ‘ಲಿಂಕ್ ಬಯೋದಲ್ಲಿದೆ’ ಅನ್ನಿ, ನಂಬರನ್ನೂ ಬರೆಯಿರಿ. ಯೂಟ್ಯೂಬ್ ಶಾರ್ಟ್ಸ್ ವಿವರಣೆ, ಕಾಮೆಂಟ್‌ಗಳಲ್ಲೂ 2023ರ ಆಗಸ್ಟ್ ಕೊನೆಯಿಂದ ಲಿಂಕ್ ಒತ್ತಲು ಆಗುವುದಿಲ್ಲ. ಹಾಗಾಗಿ ನಂಬರನ್ನು ವಿಡಿಯೋದ ಕೊನೆಯಲ್ಲಿ ಪರದೆ ಮೇಲೂ ಓದುವಷ್ಟು ಹೊತ್ತು ತೋರಿಸಿ.

ನಂಬರ್ ಕೆಳಗೆ, ಏನು ಕಳಿಸಬೇಕು ಅಂತ ಹೇಳಿ. ಎಲ್ಲಿಂದ ಎಲ್ಲಿಗೆ, ಯಾವ ದಿನ, ಎರಡೂ ಮನೆ ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಗಾಡಿ ಬಾಗಿಲವರೆಗೆ ಬರುತ್ತಾ, ಮತ್ತು ಮನೆಯೊಳಗೆ ನಡೆಯುತ್ತಾ ತೆಗೆದ ಒಂದು ನಿಮಿಷದ ವಿಡಿಯೋ. ಆ ವಿಡಿಯೋದಲ್ಲಿ ಲಾಫ್ಟ್ ಮತ್ತು ಬಾಲ್ಕನಿ ಇರಲೇಬೇಕು ಅಂತ ಒತ್ತಿ ಹೇಳಿ. ಏಸ್ ಸಾಕೋ ಕ್ಯಾಂಟರ್ ಬೇಕೋ ಅನ್ನುವ ಲೆಕ್ಕ ತಪ್ಪುವುದು ಲಾಫ್ಟ್‌ನ ಸಾಮಾನಿನಿಂದಲೇ.

ಪೂರ್ತಿ ಕ್ಯಾಪ್ಶನ್

ಇದೆಲ್ಲ ಸೇರಿ ಪೀಣ್ಯದ ಉದಾಹರಣೆಗೆ ಹೀಗಾಗುತ್ತದೆ:

ನಾಳೆ ಮನೆ ಶಿಫ್ಟಿಂಗಾ? ಫ್ರಿಡ್ಜ್ ಇವತ್ತೇ ಆಫ್ ಮಾಡಿ.
ಪೀಣ್ಯ, ಜಾಲಹಳ್ಳಿ, ಯಶವಂತಪುರ, ರಾಜಾಜಿನಗರ: ನಾವು ಬರುತ್ತೇವೆ.

ನಾವು ಬರುವ ಮೊದಲು ನೀವು ಮಾಡಬೇಕಾದದ್ದು:
✔ ಫ್ರಿಡ್ಜ್ ಖಾಲಿ ಮಾಡಿ, ಬಾಗಿಲು ತೆರೆದಿಡಿ. ನೀರು ಸೋರಿದರೆ ಬಾಕ್ಸ್ ನೆನೆಯುತ್ತದೆ.
✔ ವಾಷಿಂಗ್ ಮೆಷಿನ್‌ನ ಟ್ರಾನ್ಸಿಟ್ ಬೋಲ್ಟ್ ಹುಡುಕಿಡಿ.
✔ ಎರಡೂ ಅಪಾರ್ಟ್‌ಮೆಂಟ್‌ಗಳಲ್ಲಿ ಅನುಮತಿ, ಲಿಫ್ಟ್ ಸಮಯ ಕೇಳಿಕೊಳ್ಳಿ.
✔ ದೇವರ ಫೋಟೋ, ಹಾಲು ಉಕ್ಕಿಸುವ ಪಾತ್ರೆ, ಸ್ಟವ್, ಒಡವೆ, ದಾಖಲೆ ನಿಮ್ಮ ಜೊತೆ ಇರಲಿ.
✘ ಸಿಲಿಂಡರ್, ಪೆಟ್ರೋಲ್, ಥಿನ್ನರ್ ಗಾಡಿಗೆ ಹಾಕುವುದಿಲ್ಲ.

ದಿನಾ ಬರುವ ಏರಿಯಾ: ಪೀಣ್ಯ, ದಾಸರಹಳ್ಳಿ, ಜಾಲಹಳ್ಳಿ, ಯಶವಂತಪುರ, ಮಲ್ಲೇಶ್ವರ, ರಾಜಾಜಿನಗರ, ವಿಜಯನಗರ, ನೆಲಮಂಗಲ.
ಬೆಂಗಳೂರಿನ ಉಳಿದ ಕಡೆ: ಒಂದು ಮನೆ ಮೇಲಿನ ಏರಿಯಾದಲ್ಲಿದ್ದರೆ, ಮೂರು ದಿನ ಮುಂಚೆ ಹೇಳಿ.
ಬೇರೆ ಊರು: ತುಮಕೂರು, ಹಾಸನ, ಮೈಸೂರು, ಮಂಗಳೂರು. ಪೂರ್ತಿ ಗಾಡಿಯೋ ಪಾರ್ಟ್ ಲೋಡೋ ನೀವೇ ಆರಿಸಿ.

ಬಾಕ್ಸ್, ಪ್ಯಾಕಿಂಗ್, ಲೋಡಿಂಗ್, ಅನ್‌ಲೋಡಿಂಗ್, ಮಂಚ ಜೋಡಿಸುವುದು ರೇಟ್‌ನಲ್ಲಿ ಸೇರಿದೆ. ಎಸಿ, ಗೀಸರ್, ಜಿಎಸ್‌ಟಿ ಸೇರಿಲ್ಲ. ಲೋಡ್ ಮಾಡುವ ಮೊದಲೇ ಬರೆದ ಕೊಟೇಶನ್, ಸಾಮಾನಿನ ಪಟ್ಟಿ ಕೊಡುತ್ತೇವೆ.

ಬುಕಿಂಗ್: (ನಿಮ್ಮ ನಂಬರ್), ಬೆಳಿಗ್ಗೆ 9ರಿಂದ ರಾತ್ರಿ 8. ವಾಟ್ಸಾಪ್ ಲಿಂಕ್ ಬಯೋದಲ್ಲಿದೆ.
ಕಳಿಸಿ: ಎಲ್ಲಿಂದ ಎಲ್ಲಿಗೆ, ದಿನ, ಮಹಡಿ, ಲಿಫ್ಟ್, ಮನೆಯ ಒಂದು ನಿಮಿಷದ ವಿಡಿಯೋ (ಲಾಫ್ಟ್, ಬಾಲ್ಕನಿ ಸೇರಿಸಿ).
ಗೋಡೌನ್: (ನಿಮ್ಮ ವಿಳಾಸ). ಜಿಎಸ್‌ಟಿ ನಂಬರ್: (ನಿಮ್ಮದು).

`Peenya, Jalahalli, Yeshwanthpur, Rajajinagar house shifting`

ಹಾಕುವಾಗ, ಹಾಕಿದ ಮೇಲೆ

ಇದೇ ವಿಡಿಯೋದ ಉದ್ದ ಆವೃತ್ತಿ ಯೂಟ್ಯೂಬ್‌ಗೆ ಹಾಕುವುದಾದರೆ ವಿವರಣೆಯಲ್ಲಿ ಸಮಯ ಗುರುತುಗಳನ್ನು ಸೇರಿಸಿ. ಮೊದಲನೆಯದು 00:00 ಇರಲೇಬೇಕು, ಕನಿಷ್ಠ ಮೂರು ಇರಬೇಕು, ಪ್ರತಿ ಭಾಗ ಹತ್ತು ಸೆಕೆಂಡಿಗಿಂತ ಕಡಿಮೆ ಇರಬಾರದು. ಆಗ ಮಾತ್ರ ಅವು ವಿಡಿಯೋದಲ್ಲಿ ಭಾಗಗಳಾಗಿ ಕಾಣುತ್ತವೆ:

```
00:00 ಒಂದು ವಾರ ಮುಂಚೆ
00:45 ಅಡುಗೆಮನೆ ಪ್ಯಾಕಿಂಗ್
02:10 ಫ್ರಿಡ್ಜ್, ವಾಷಿಂಗ್ ಮೆಷಿನ್
03:30 ಶಿಫ್ಟಿಂಗ್ ದಿನ
```

ಹಾಕುವ ಸಮಯವನ್ನೂ ಯೋಚಿಸಿ. ಆಷಾಢದಲ್ಲಿ ನಮ್ಮವರು ಹೊಸ ಮನೆಗೆ ಹೋಗುವುದು ಕಡಿಮೆ. ಶ್ರಾವಣ ಶುರುವಾದ ಕೂಡಲೇ ಒಂದೊಂದು ಒಳ್ಳೆ ದಿನಕ್ಕೆ ಹತ್ತಾರು ಜನ ಗಾಡಿ ಕೇಳುತ್ತಾರೆ. ವಿಡಿಯೋವನ್ನು ಆಷಾಢದ ಕೊನೆಯ ಎರಡು ವಾರದಲ್ಲಿ ಹಾಕಿ, ‘ಶ್ರಾವಣದ ಬುಕಿಂಗ್ ಶುರು’ ಅಂತ ಒಂದು ಸಾಲು ಸೇರಿಸಿ. ಮೇ ತಿಂಗಳಲ್ಲಿ, ಶಾಲೆ ಶುರುವಾಗುವ ಮೊದಲು, ಇನ್ನೊಂದು ಸಲ ಹಾಕಬಹುದು.

ಕರೆ ಬಂದಾಗ ‘ಯಾವ ಏರಿಯಾದಿಂದ?’ ಅಂತ ಬರೆದಿಟ್ಟುಕೊಳ್ಳಿ. ನೀವು ಹೋಗದ ಏರಿಯಾದಿಂದಲೇ ಹೆಚ್ಚು ಕರೆ ಬರುತ್ತಿದ್ದರೆ ಎರಡನೇ ಸಾಲು ಸರಿಯಾಗಿ ಕಾಣುತ್ತಿಲ್ಲ ಅಂತ ಅರ್ಥ, ಅದನ್ನು ಇನ್ನೂ ಚಿಕ್ಕದು ಮಾಡಿ. ಏರಿಯಾ ಸರಿ ಇದ್ದು ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಿದ್ದರೆ ಅದರ ಉತ್ತರ ಕ್ಯಾಪ್ಶನ್‌ಗೆ ಸೇರಿಸಿ. ಇನ್‌ಸ್ಟಾಗ್ರಾಮ್, ಯೂಟ್ಯೂಬ್ ಎರಡರಲ್ಲೂ ವಿಡಿಯೋ ತೆಗೆಯದೆಯೇ ಬರಹ ತಿದ್ದಬಹುದು. ನಂಬರ್ ಬದಲಾದ ದಿನ ಹಳೆಯ ವಿಡಿಯೋಗಳ ಕ್ಯಾಪ್ಶನ್‌ಗಳನ್ನೂ ತಿದ್ದಿ. ಎರಡು ವರ್ಷ ಹಳೆಯ ವಿಡಿಯೋ ನೋಡಿ ಕರೆ ಮಾಡುವವರೂ ಇರುತ್ತಾರೆ.